ನಿವೃತ್ತಿಗೆ ಇನ್ನು ಎಂಟೇ ವರ್ಷ: ಮನೆ ಸಾಲದ ಕಂತು ಯಾಕೆ ಇಷ್ಟೊಂದು?

ಓದುಗರ ಪ್ರಶ್ನೆ: ಸರ್, ನನಗೆ 52 ವರ್ಷ. ಖಾಸಗಿ ಕಂಪನಿಯಲ್ಲಿ ಕೆಲಸ, 60ಕ್ಕೆ ನಿವೃತ್ತಿ. ಕೈಗೆ ಬರುವ ಸಂಬಳ 88 ಸಾವಿರ. ಕಾರಿನ ಸಾಲಕ್ಕೆ ತಿಂಗಳಿಗೆ 6,500 ಹೋಗುತ್ತದೆ, ಅದರಲ್ಲಿ ಇನ್ನೂ 1.4 ಲಕ್ಷ ಬಾಕಿ ಇದೆ. ಸ್ವಂತ ಸೈಟಿನಲ್ಲಿ ಮನೆ ಕಟ್ಟಿಸಲು 40 ಲಕ್ಷ ಸಾಲ ಕೇಳಿದೆ. ಬ್ಯಾಂಕಿನವರು ಶೇಕಡಾ 8.5 ಬಡ್ಡಿಗೆ 26 ಲಕ್ಷ ಮಾತ್ರ, ಅದೂ 96 ತಿಂಗಳಲ್ಲಿ ತೀರಬೇಕು ಅಂದರು. ಕಂತು 37 ಸಾವಿರ ದಾಟುತ್ತದೆ. ನನ್ನಷ್ಟೇ ಸಂಬಳವಿರುವ 38 ವರ್ಷದ ಸಹೋದ್ಯೋಗಿಗೆ ಅದೇ ಬ್ಯಾಂಕು 40 ಲಕ್ಷ ಕೊಟ್ಟಿದೆ, ಅವರ ಕಂತು 35 ಸಾವಿರದ ಒಳಗಿದೆ. ನನ್ನ ಸಿಬಿಲ್ ಸ್ಕೋರ್ 790. ಸೈಟಿನ ಬೆಲೆಯೇ ಸಾಲಕ್ಕಿಂತ ಜಾಸ್ತಿ. ನಿವೃತ್ತಿಯಾದಾಗ ಪಿಎಫ್ ಬರುತ್ತದೆ. 20 ವರ್ಷ ಕೊಟ್ಟರೆ ಅವರಿಗೇನು ನಷ್ಟ? ಮಗಳಿಗೆ 27 ವರ್ಷ, ಕೈಗೆ 40 ಸಾವಿರ ಬರುತ್ತದೆ. ಅವಳ ಹೆಸರು ಸೇರಿಸಿದರೆ ಆಗುತ್ತಾ? ಇಲ್ಲ, ಬಡ್ಡಿ ಇಳಿಯಲಿ ಅಂತ ಒಂದು ವರ್ಷ ಕಾಯಲಾ?

ಉತ್ತರ:

ಬ್ಯಾಂಕಿನವರು 26 ಲಕ್ಷ ಅನ್ನುವ ಅಂಕಿಗೆ ಹೇಗೆ ಬಂದರು ಅಂತ ಮೊದಲು ನೋಡೋಣ. ಲೆಕ್ಕ ಕಷ್ಟದ್ದೇನಲ್ಲ. ಆದರೆ ಕೌಂಟರಿನಲ್ಲಿ ಕೂತು ಇದನ್ನು ಬಿಡಿಸಿ ಹೇಳುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಮನೆ ಸಾಲದ ವಿಭಾಗದಲ್ಲಿ ಎಷ್ಟೋ ವರ್ಷ ಕೂತ ನಾನೂ ಎಷ್ಟೋ ಜನಕ್ಕೆ ಹೇಳದೆ ಕಳಿಸಿದ್ದೇನೆ.

ನಿಮ್ಮ ಕೈಗೆ ಬರುವ 88 ಸಾವಿರದಲ್ಲಿ ಅರ್ಧ, ಅಂದರೆ 44 ಸಾವಿರ, ಎಲ್ಲ ಸಾಲದ ಕಂತುಗಳಿಗೂ ಸೇರಿ ಹೋಗಬಹುದು ಅಂತ ಅವರು ಇಟ್ಟುಕೊಂಡಿದ್ದಾರೆ. ಈ ಪಾಲು ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬದಲಾಗುತ್ತದೆ. ಅರ್ಧ ಅನ್ನುವುದು ತುಂಬಾ ಕಡೆ ಇರುವ ರೂಢಿ. ಅದರಲ್ಲಿ ಕಾರಿನ ಕಂತು 6,500 ಕಳೆದರೆ 37,500 ಉಳಿಯಿತು. ಇನ್ನು ಶೇಕಡಾ 8.5ರಲ್ಲಿ, 96 ತಿಂಗಳಿಗೆ, ಒಂದು ಲಕ್ಷ ಸಾಲಕ್ಕೆ ಕಂತು 1,439 ರೂಪಾಯಿ. 37,500ನ್ನು 1,439ರಿಂದ ಭಾಗಿಸಿ. 26 ಲಕ್ಷ ಬರುತ್ತದೆ. ಅಷ್ಟೇ. ನಿಮ್ಮ ಸಿಬಿಲ್ ಆಗಲಿ, ಸೈಟಿನ ಬೆಲೆಯಾಗಲಿ ಈ ಭಾಗಾಕಾರದೊಳಗೆ ಎಲ್ಲೂ ಇಲ್ಲ.

ನಿಮ್ಮ ಸಹೋದ್ಯೋಗಿಗೆ ನಿವೃತ್ತಿಗೆ 22 ವರ್ಷ ಇದೆ. ಹಾಗಾಗಿ ಅವರಿಗೆ 240 ತಿಂಗಳು ಸಿಕ್ಕಿತು. 240 ತಿಂಗಳಾದರೆ ಲಕ್ಷಕ್ಕೆ ಕಂತು 868 ರೂಪಾಯಿ. 40 ಲಕ್ಷಕ್ಕೆ 34,713. ಅದೇ 40 ಲಕ್ಷವನ್ನು ನಿಮಗೆ 96 ತಿಂಗಳಿಗೆ ಕೊಟ್ಟಿದ್ದರೆ ಕಂತು 57,568 ಆಗುತ್ತಿತ್ತು. ಸಂಬಳ ಒಂದೇ, ಬಡ್ಡಿ ಒಂದೇ, ಬ್ಯಾಂಕೂ ಒಂದೇ. ತಿಂಗಳುಗಳು ಮಾತ್ರ ಬೇರೆ. ಎಕ್ಸೆಲ್ ಬಳಸುವ ಅಭ್ಯಾಸ ಇದ್ದರೆ ಮನೆಯಲ್ಲೇ ನೋಡಬಹುದು. 96ರ ಜಾಗದಲ್ಲಿ ಬೇರೆ ಬೇರೆ ತಿಂಗಳು ಹಾಕಿ:

```
=PMT(8.5%/12, 96, -4000000)
```

ಈಗ ಒಂದು ಮಾತು. 57 ಸಾವಿರ ಅಂದಾಗ ವಯಸ್ಸಾದವರಿಗೆ ಬ್ಯಾಂಕು ಜಾಸ್ತಿ ಬಡ್ಡಿ ಹಾಕುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜ ಅದಲ್ಲ. 40 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿ 28,333 ರೂಪಾಯಿ. ಇದು 38ರವರಿಗೂ ಅಷ್ಟೇ, 52ರವರಿಗೂ ಅಷ್ಟೇ. ಸಹೋದ್ಯೋಗಿಯ 34,713ರಲ್ಲಿ ಈ ಬಡ್ಡಿ ಕಳೆದರೆ ಅಸಲಿಗೆ ಹೋಗುವುದು 6,380 ಮಾತ್ರ. 57,568 ಕಟ್ಟುವವರದ್ದು 29,235 ಅಸಲಿಗೆ ಹೋಗುತ್ತದೆ. ಕಂತು ಏರಿದ್ದು ಪೂರ್ತಿ ಅಸಲಿನ ಪಾಲಿನಿಂದ. ನಿಮ್ಮ ಕಾಲ ಕಡಿಮೆ, ಹಾಗಾಗಿ ಅಸಲನ್ನು ಬೇಗ ಬೇಗ ತೀರಿಸಬೇಕು. ಹಾಗೆ ನೋಡಿದರೆ ಒಟ್ಟು ಬಡ್ಡಿ ನಿಮಗೇ ಕಡಿಮೆ: 96 ತಿಂಗಳಲ್ಲಿ ಸುಮಾರು 15 ಲಕ್ಷ, 240 ತಿಂಗಳಲ್ಲಿ 43 ಲಕ್ಷ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಇಲ್ಲದವರಿಗೆ ಈ ಸಮಾಧಾನದಿಂದ ಏನೂ ಆಗುವುದಿಲ್ಲ, ಅದು ನನಗೆ ಗೊತ್ತು.

ಹಾಗಾದರೆ 20 ವರ್ಷ ಯಾಕೆ ಕೊಡುವುದಿಲ್ಲ? ಸೈಟು ಅಡ ಇದೆ, ಸ್ಕೋರ್ ಚೆನ್ನಾಗಿದೆ, ಪಿಎಫ್ ಬರುತ್ತದೆ ಅನ್ನುತ್ತೀರಿ. ಮೂರೂ ನಿಜ. ಆದರೆ ಬ್ಯಾಂಕು ಸಾಲ ಕೊಡುವುದು ತಿಂಗಳು ತಿಂಗಳು ಬರುವ ಆದಾಯವನ್ನು ನಂಬಿ. ಸೈಟು, ಮನೆ ಇರುವುದು ಆ ನಂಬಿಕೆ ಕೆಟ್ಟಾಗ ವಸೂಲಿ ಮಾಡಿಕೊಳ್ಳಲು. 65 ವರ್ಷದವರ ಮನೆ ಹರಾಜು ಹಾಕಿ ದುಡ್ಡು ಎಬ್ಬಿಸುವ ಕೆಲಸ ಯಾವ ಬ್ಯಾಂಕಿಗೂ ಬೇಡ. ಸ್ಕೋರ್ ಹೇಳುವುದು ನೀವು ಇಲ್ಲಿಯವರೆಗೆ ಹೇಗೆ ಕಟ್ಟಿದ್ದೀರಿ ಅಂತ. 61ನೇ ವರ್ಷದಲ್ಲಿ ಯಾವ ಸಂಬಳದಿಂದ ಕಟ್ಟುತ್ತೀರಿ ಅಂತ ಅದು ಹೇಳುವುದಿಲ್ಲ.

ಪಿಎಫ್ ವಿಷಯಕ್ಕೆ ಬಂದರೆ, ನನ್ನ ಮೇಜಿನ ಮುಂದೆ ಕೂತಿದ್ದ ಒಬ್ಬರ ಕಥೆ ಹೇಳುತ್ತೇನೆ. ನಿವೃತ್ತಿಗೆ ಎರಡು ತಿಂಗಳಿದ್ದಾಗ ಸಾಲ ಮುಗಿಸಿಬಿಡೋಣ ಅಂತ ಬಂದಿದ್ದರು. ಎಂಟು ವರ್ಷದ ಹಿಂದೆ, ಮಗನನ್ನು ಸಹ ಸಾಲಗಾರ ಮಾಡಿ, 20 ಲಕ್ಷ ಸಾಲವನ್ನು 20 ವರ್ಷಕ್ಕೆ ತೆಗೆದುಕೊಂಡಿದ್ದರು. ಕಂತು 17,356. ಒಂದು ತಿಂಗಳೂ ತಪ್ಪಿರಲಿಲ್ಲ. ಒಂದು ಪುಟ್ಟ ಡೈರಿಯಲ್ಲಿ ಪ್ರತಿ ತಿಂಗಳ ಕಂತನ್ನೂ ಬರೆದು, ಕೂಡಿಸಿ, ಕೊನೆಯಲ್ಲಿ 16 ಲಕ್ಷದ 66 ಸಾವಿರ ಅಂತ ಹಾಕಿದ್ದರು. ಬಡ್ಡಿ ಕಳೆದು ಎಂಟು, ಒಂಬತ್ತು ಲಕ್ಷ ಬಾಕಿ ಇರಬಹುದು ಅಂತ ಅವರ ಅಂದಾಜು. ಕಂಪ್ಯೂಟರಿನಲ್ಲಿ ನೋಡಿದರೆ ಬಾಕಿ 15 ಲಕ್ಷದ 63 ಸಾವಿರ. ಅವರು ಡೈರಿಯನ್ನು ನನ್ನ ಕಡೆ ತಿರುಗಿಸಿ, "ಸರ್, ಇದರಲ್ಲಿ ಎಲ್ಲಿ ತಪ್ಪಾಗಿದೆ ಹೇಳಿ" ಅಂದರು. ಡೈರಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಕಟ್ಟಿದ್ದರಲ್ಲಿ ಮುಕ್ಕಾಲು ಪಾಲು ಬಡ್ಡಿಗೇ ಹೋಗಿತ್ತು. 20 ವರ್ಷದ ಸಾಲದಲ್ಲಿ ಮೊದಲ ಎಂಟು ವರ್ಷ ಆಗುವುದೇ ಹಾಗೆ.

ನಿಮ್ಮ 40 ಲಕ್ಷಕ್ಕೆ ಇದನ್ನು ದುಪ್ಪಟ್ಟು ಮಾಡಿ. 20 ವರ್ಷಕ್ಕೆ ಸಾಲ ಸಿಕ್ಕಿದ್ದರೆ, 60ನೇ ವರ್ಷಕ್ಕೆ ನೀವು 33 ಲಕ್ಷ ಕಟ್ಟಿರುತ್ತಿದ್ದಿರಿ. ಬಾಕಿ ಆಗಲೂ 31 ಲಕ್ಷದ 27 ಸಾವಿರ ಇರುತ್ತಿತ್ತು. ಪಿಎಫ್ ಬಂದ ದಿನವೇ ಅದರಲ್ಲಿ ಇಷ್ಟನ್ನು ಬ್ಯಾಂಕಿಗೆ ಕೊಟ್ಟರೆ ನಿಮ್ಮ ಮುಂದಿನ ಇಪ್ಪತ್ತು, ಇಪ್ಪತ್ತೈದು ವರ್ಷದ ಊಟ, ಔಷಧಿಗೆ ಏನು ಉಳಿಯುತ್ತದೆ ಅಂತ ಪಿಎಫ್ ಪಾಸ್‌ಬುಕ್ ತೆಗೆದು ನೀವೇ ನೋಡಿ. ನಿಮ್ಮದು ಖಾಸಗಿ ಕೆಲಸ. ಇಪಿಎಸ್‌ನಿಂದ ಬರುವ ಪಿಂಚಣಿ ತಿಂಗಳಿಗೆ ಕೆಲವು ಸಾವಿರ ಮಾತ್ರ. ಪಿಎಫ್ ದುಡ್ಡೇ ನಿಮ್ಮ ನಿಜವಾದ ಪಿಂಚಣಿ. ಅದನ್ನು ಸಾಲಕ್ಕೆ ಈಗಲೇ ಬರೆದುಕೊಡಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಸರ್ಕಾರಿ ಪಿಂಚಣಿ ಇರುವವರ ಕಥೆ ಸ್ವಲ್ಪ ಬೇರೆ. ಅಂಥವರಿಗೆ ಕೆಲವು ಬ್ಯಾಂಕುಗಳು ನಿವೃತ್ತಿಯ ನಂತರವೂ, ಸಾಮಾನ್ಯವಾಗಿ 70ರ ತನಕ, ಅವಧಿ ಕೊಡುತ್ತವೆ. ಆದರೆ ನಿವೃತ್ತಿಯ ನಂತರದ ಕಂತು ಪಿಂಚಣಿಗೆ ಹೊಂದುವಷ್ಟು ಇಳಿಯಬೇಕು. ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವವರಾದರೆ, ಅದನ್ನು ಕಳೆದು ಕೈಗೆ ಬರುವ ಪಿಂಚಣಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಇನ್ನು ಒಂದು ವರ್ಷ ಕಾಯುವ ಯೋಚನೆ. ಇದಕ್ಕೆ ಮಾತ್ರ ನಾನು ನೇರವಾಗಿ ಬೇಡ ಅನ್ನುತ್ತೇನೆ. 53ಕ್ಕೆ ಹೋದರೆ ನಿಮಗೆ 84 ತಿಂಗಳು ಮಾತ್ರ ಸಿಗುತ್ತದೆ. ಆಗ ಲಕ್ಷಕ್ಕೆ ಕಂತು 1,584 ರೂಪಾಯಿ. ಅದೇ 37,500ಕ್ಕೆ ಸಿಗುವ ಸಾಲ 23 ಲಕ್ಷದ 68 ಸಾವಿರ. ಸುಮ್ನೆ ಕಾಯ್ದಿದ್ದಕ್ಕೆ ಎರಡು ಲಕ್ಷಕ್ಕೂ ಜಾಸ್ತಿ ಕಡಿಮೆಯಾಯಿತು. ಅದನ್ನು ಬಡ್ಡಿ ಇಳಿದು ಸರಿದೂಗಿಸಬೇಕಾದರೆ ಎಷ್ಟು ಇಳಿಯಬೇಕು ಗೊತ್ತಾ? 84 ತಿಂಗಳಲ್ಲಿ ಇವತ್ತಿನ 1,439ರ ಕಂತೇ ಬರಬೇಕಾದರೆ ಬಡ್ಡಿ ಶೇಕಡಾ 5.5ಕ್ಕೆ ಬರಬೇಕು. ಒಂದೇ ವರ್ಷದಲ್ಲಿ 8.5ರಿಂದ 5.5ಕ್ಕೆ. ಅದನ್ನು ನಂಬಿ ಕೂರಲು ಆಗುತ್ತಾ? 38 ವರ್ಷದವರು ಬಡ್ಡಿಗೆ ಕಾಯಬಹುದು, ಅವರ 240 ತಿಂಗಳು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಬಡ್ಡಿಗಿಂತ ತಿಂಗಳಿಗೇ ಬೆಲೆ ಜಾಸ್ತಿ. ಫ್ಲೋಟಿಂಗ್ ಬಡ್ಡಿಯ ಸಾಲವಾದರೆ, ಮುಂದೆ ಬಡ್ಡಿ ಇಳಿದಾಗ ಅದರ ಲಾಭ ನಿಮಗೂ ಸಿಗುತ್ತದೆ.

ತಿಂಗಳ ಬೆಲೆ ಗೊತ್ತಾಗುವ ಇನ್ನೊಂದು ಜಾಗ ಇದೆ, ನಿಮಗೆ ನೇರವಾಗಿ ತಟ್ಟುವಂಥದ್ದು. ನೀವು ಮನೆ ಕಟ್ಟಿಸುತ್ತಿದ್ದೀರಿ. ಸಾಲ ಒಂದೇ ಸಲ ಕೈಗೆ ಬರುವುದಿಲ್ಲ. ಪಾಯ, ಗೋಡೆ, ಮೋಲ್ಡ್ ಅಂತ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ಆ ಸಮಯದಲ್ಲಿ ಬರೀ ಬಡ್ಡಿ ಕಟ್ಟಿ, ಮನೆ ಮುಗಿದ ಮೇಲೆ ಪೂರ್ತಿ ಇಎಂಐ ಶುರು ಮಾಡಿ ಅಂತ ಬ್ಯಾಂಕಿನವರು ಹೇಳುವುದುಂಟು. ಚಿಕ್ಕ ವಯಸ್ಸಿನವರಿಗೆ ಇದು ಅನುಕೂಲ. ನಿಮಗೆ ಹಾಗಲ್ಲ. ಕೊನೆಯ ಕಂತಿನ ತಾರೀಕು ನಿವೃತ್ತಿಯ ತಿಂಗಳಿಗೆ ಅಂಟಿಕೊಂಡಿದೆ, ಅದು ಮುಂದೆ ಹೋಗುವುದಿಲ್ಲ. ಕಟ್ಟಡಕ್ಕೆ 12 ತಿಂಗಳು ಹೋದರೆ ಅಸಲು ತೀರಿಸಲು ಉಳಿಯುವುದು 84 ತಿಂಗಳು. 26 ಲಕ್ಷಕ್ಕೆ ಕಂತು 37,419ರ ಬದಲು 41,175 ಆಗುತ್ತದೆ. ಇಲ್ಲವೇ ಬ್ಯಾಂಕು ಸಾಲವನ್ನೇ 23 ಲಕ್ಷ ಚಿಲ್ಲರೆಗೆ ಇಳಿಸುತ್ತದೆ. ಅರ್ಧ ಗೋಡೆ ಎದ್ದ ಮೇಲೆ ಇದು ಗೊತ್ತಾದರೆ ತುಂಬಾ ಕಷ್ಟ. ಹಾಗಾಗಿ ಸಹಿ ಹಾಕುವ ಮೊದಲೇ ಕೇಳಿ: 96 ತಿಂಗಳು ಯಾವ ದಿನದಿಂದ ಎಣಿಸಿದ್ದೀರಿ, ಬರೀ ಬಡ್ಡಿ ಕಟ್ಟುವ ತಿಂಗಳು ಅದರೊಳಗೇ ಇದೆಯಾ? ಮೊದಲ ಹಂತದ ಹಣ ಬಂದ ಕೂಡಲೇ ಇಎಂಐ ಶುರು ಮಾಡುವ ಅವಕಾಶ ಇದ್ದರೆ, ಮತ್ತು ಆ ಕಂತು ನಿಮಗೆ ಕಟ್ಟಲು ಆದರೆ, ಅದನ್ನೇ ಆರಿಸಿ.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರೋಣ. ನಿಮ್ಮ ಪತ್ರ ಓದಿದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಕಾರಿನ ಸಾಲ. 1.4 ಲಕ್ಷ ಬಾಕಿಗೆ ತಿಂಗಳಿಗೆ 6,500 ಹೋಗುತ್ತಿದೆ. 96 ತಿಂಗಳ ಲೆಕ್ಕದಲ್ಲಿ 6,500 ರೂಪಾಯಿ ಅಂದರೆ ನಾಲ್ಕೂವರೆ ಲಕ್ಷದ ಮನೆ ಸಾಲ. ಉಳಿತಾಯದಿಂದ ಆ 1.4 ಲಕ್ಷ ಕಟ್ಟಿ, ಸಾಲ ಮುಗಿದ ಪತ್ರ ತಂದುಕೊಟ್ಟರೆ ನಿಮ್ಮ ಅರ್ಹತೆ 26ರಿಂದ 30.5 ಲಕ್ಷಕ್ಕೆ ಹೋಗುತ್ತದೆ. ಅವಧಿಗೆ ಮೊದಲೇ ಮುಗಿಸಿದರೆ ಶುಲ್ಕ ಇದೆಯಾ ಅಂತ ಕಾರಿನ ಸಾಲದ ಒಪ್ಪಂದದಲ್ಲಿ ನೋಡಿಕೊಳ್ಳಿ. ಇದ್ದರೂ ಈ ಲಾಭದ ಮುಂದೆ ಅದು ದೊಡ್ಡದಾಗುವುದಿಲ್ಲ. ಇನ್ನೊಂದು ಎಚ್ಚರಿಕೆ. ಸಾಲ ಮುಗಿದದ್ದು ಸಿಬಿಲ್ ವರದಿಯಲ್ಲಿ ಕಾಣಿಸಲು ಸ್ವಲ್ಪ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಪತ್ರವೇ ಆಧಾರ.

ಆದರೆ ಅರ್ಹತೆ 30 ಲಕ್ಷ ಆಯಿತು ಅಂತ ಪೂರ್ತಿ ತೆಗೆದುಕೊಂಡರೆ ಕಂತು 43 ಸಾವಿರ ದಾಟುತ್ತದೆ. ಸಂಬಳದ ಅರ್ಧ ಹೋಯಿತು. ಇದು ನನಗೆ ಇಷ್ಟವಿಲ್ಲ, ಅದಕ್ಕೆ ಕಾರಣ ಬಡ್ಡಿ. ಫ್ಲೋಟಿಂಗ್ ಸಾಲದಲ್ಲಿ ಬಡ್ಡಿ ಏರಿದಾಗ ಸಾಮಾನ್ಯವಾಗಿ ಬ್ಯಾಂಕು ಕಂತನ್ನು ಹಾಗೇ ಇಟ್ಟು ಅವಧಿಯನ್ನು ಉದ್ದ ಮಾಡುತ್ತದೆ. ಸಾಲದ ಶುರುವಿನಲ್ಲೇ ಬಡ್ಡಿ 8.5ರಿಂದ 9.5 ಆಯಿತು ಅಂದುಕೊಳ್ಳಿ. ನಿಮ್ಮ ಸಹೋದ್ಯೋಗಿಯ 240 ತಿಂಗಳು ಸುಮಾರು 309 ತಿಂಗಳಾಗುತ್ತದೆ. ಹೆಚ್ಚುಕಡಿಮೆ ಆರು ವರ್ಷ ಜಾಸ್ತಿ, ಅವರ ನಿವೃತ್ತಿಯನ್ನೂ ದಾಟಿತು. ನಿಮ್ಮ 96 ತಿಂಗಳು ಸುಮಾರು 101 ಆಗುತ್ತದೆ, ಐದು ತಿಂಗಳು ಜಾಸ್ತಿ ಅಷ್ಟೇ. ಅಸಲು ಬೇಗ ಕರಗುವ ಸಾಲಕ್ಕೆ ಬಡ್ಡಿಯ ಏಟು ಕಡಿಮೆ, ಇದು ನಿಮ್ಮ ಕಡೆಗಿರುವ ಅನುಕೂಲ. ಆದರೆ ಆ ಐದು ತಿಂಗಳು ನಿವೃತ್ತಿಯ ಆಚೆ ಬೀಳುತ್ತದೆ. ಬ್ಯಾಂಕು ಅದನ್ನು ಒಪ್ಪದಿದ್ದರೆ ಕಂತೇ ಏರಬೇಕು. 26 ಲಕ್ಷಕ್ಕೆ ತಿಂಗಳಿಗೆ ಸುಮಾರು 1,350 ರೂಪಾಯಿ ಏರುತ್ತದೆ. ಬಡ್ಡಿ ಬದಲಾದಾಗ ಕಂತು ಏರಿಸಬೇಕಾ, ಅವಧಿ ಏರಿಸಬೇಕಾ ಅಂತ ಸಾಲಗಾರರನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಹೇಳಿದೆ. ಆದರೆ ನಿವೃತ್ತಿಗೆ ಅಂಟಿದ ಸಾಲದಲ್ಲಿ ಅವಧಿ ಏರಿಸುವ ಬಾಗಿಲು ನಿಜದಲ್ಲಿ ಮುಚ್ಚಿರುತ್ತದೆ. ಅದಕ್ಕೇ ಕಂತು ಏರಿದರೂ ತಡೆದುಕೊಳ್ಳುವಷ್ಟು ಜಾಗವನ್ನು ಸಂಬಳದಲ್ಲಿ ಬಿಟ್ಟುಕೊಳ್ಳಿ ಅನ್ನುವುದು.

ಹಾಗಾಗಿ ನಿಮ್ಮ ಹೆಸರಿನಲ್ಲಿ 26 ಲಕ್ಷಕ್ಕೇ ನಿಲ್ಲಿಸಿ, ಕಾರಿನ ಸಾಲ ಮುಗಿಸಿ ಉಳಿದ 6,500 ಕೈಯಲ್ಲೇ ಇರಲಿ. ಇನ್ನು 14 ಲಕ್ಷ ಬೇಕಲ್ವಾ? ಅಲ್ಲಿ ಮಗಳ ಮಾತು ಬರುತ್ತದೆ.

ಚಿಕ್ಕವರ ಹೆಸರು ಸೇರಿಸಿದರೆ ಇಡೀ ಸಾಲಕ್ಕೆ 20 ವರ್ಷ ಕೊಡುತ್ತಾರೆ ಅನ್ನುವುದು ಅರ್ಧ ಸತ್ಯ. ಸಂಬಳ ಇಲ್ಲದವರ ಹೆಸರು ಸೇರಿಸಿದರೆ ಅವಧಿ ಒಂದು ತಿಂಗಳೂ ಬೆಳೆಯುವುದಿಲ್ಲ. ಸಂಬಳ ಇದ್ದರೂ, ನೀವು ನಿವೃತ್ತರಾದ ಮೇಲೆ ಅವರೊಬ್ಬರ ಸಂಬಳ ಹೊರುವಷ್ಟು ಸಾಲಕ್ಕೆ ಮಾತ್ರ ಉದ್ದದ ಅವಧಿ ಸಿಗುತ್ತದೆ. ನಿಮ್ಮ ಮಗಳ 40 ಸಾವಿರದಲ್ಲಿ ಅರ್ಧ 20 ಸಾವಿರ. 40 ಲಕ್ಷದ 20 ವರ್ಷದ ಕಂತು 34,713. ಅವಳೊಬ್ಬಳಿಂದ ಆಗುವುದಿಲ್ಲ. ಅದಕ್ಕೆ ಸಾಲವನ್ನು ಎರಡು ಭಾಗ ಮಾಡಿ ನೋಡಬೇಕು. 26 ಲಕ್ಷ ನಿಮ್ಮ 96 ತಿಂಗಳಲ್ಲಿ, ಕಂತು 37,419. ಇನ್ನು 14 ಲಕ್ಷ ಅವಳ 240 ತಿಂಗಳಲ್ಲಿ, ಕಂತು 12,149. ಮೊದಲ ಎಂಟು ವರ್ಷ ಮನೆಯಿಂದ ತಿಂಗಳಿಗೆ ಹೋಗುವುದು 49,568. ನೀವು ನಿವೃತ್ತರಾದ ತಿಂಗಳಿಂದ 12,149 ಮಾತ್ರ. ಕೆಲವು ಬ್ಯಾಂಕುಗಳು ಇದನ್ನು ಎರಡು ಖಾತೆಯಾಗಿ ಮಾಡುತ್ತವೆ. ಕೆಲವು ಕಡೆ ಒಂದೇ ಸಾಲ ಇಟ್ಟು, ನಿವೃತ್ತಿಯ ನಂತರ ಕಂತು ಇಳಿಯುವ ಹಾಗೆ ಮಾಡುತ್ತಾರೆ, ಅದಕ್ಕೆ ಸ್ಟೆಪ್ ಡೌನ್ ಅನ್ನುತ್ತಾರೆ. ಎಲ್ಲ ಕಡೆ ಎರಡೂ ಇರುವುದಿಲ್ಲ. ಆದರೆ ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಮಾತು ಸುಲಭವಾಗುತ್ತದೆ.

ಇದು ಲೆಕ್ಕದಲ್ಲಿ ಚೆನ್ನಾಗಿ ಕೂರುತ್ತದೆ. ಆದರೂ ಮಗಳ ಹತ್ತಿರ ಸಹಿ ಹಾಕಿಸುವ ಮೊದಲು ಅವಳ ಜೊತೆ ಕೂತು ಮೂರು ವಿಷಯ ಮಾತಾಡಿ. ಮೊದಲನೆಯದು, ಸಹ ಸಾಲಗಾರಳಾದ ಮೇಲೆ ಬ್ಯಾಂಕಿನ ಕಣ್ಣಿಗೆ ಅವಳು ಇಡೀ 40 ಲಕ್ಷಕ್ಕೂ ಹೊಣೆ. ನೀವಿಬ್ಬರೂ ಮನೆಯಲ್ಲಿ ಹಂಚಿಕೊಂಡ 26, 14ರ ಲೆಕ್ಕ ಬ್ಯಾಂಕಿಗೆ ಸಂಬಂಧ ಇಲ್ಲ. ನಿಮ್ಮ ಕಂತು ತಪ್ಪಿದರೂ ಅವಳ ಸ್ಕೋರ್ ಬೀಳುತ್ತದೆ.

ಎರಡನೆಯದು, ಮುಂದೆ ಮದುವೆಯಾಗಿ ಅವಳು, ಅವಳ ಗಂಡ ತಮ್ಮದೇ ಮನೆಗೆ ಸಾಲ ಕೇಳಿದಾಗ ಈ ಕಂತು ಅವಳ ಅರ್ಹತೆಯನ್ನು ತಿನ್ನುತ್ತದೆ. ನಾನು ನೋಡಿದ ಮನಸ್ತಾಪಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದ್ದು. ಡೈರಿ ತಂದವರ ಮಗನೂ ಹಾಗೇ. ಎರಡು ವರ್ಷ ಕಂತು ಕಟ್ಟಿ, ತನ್ನ ಫ್ಲ್ಯಾಟಿಗೆ ಸಾಲ ಸಿಗದೆ, ಅಪ್ಪನ ಜೊತೆ ಮಾತು ಬಿಟ್ಟಿದ್ದ. ಅದಕ್ಕೇ ಅವರೊಬ್ಬರೇ ಬಂದು ಸಾಲ ಮುಗಿಸಲು ನೋಡುತ್ತಿದ್ದದ್ದು. ಅವಳ ಪಾಲನ್ನು 20 ಸಾವಿರಕ್ಕೆ ಏರಿಸದೆ 12 ಸಾವಿರದಲ್ಲಿ ಇಡಿ ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಮೂರನೆಯದು ಹಕ್ಕು. ಸೈಟು ನಿಮ್ಮ ಹೆಸರಲ್ಲಿದೆ. 20 ವರ್ಷ ಕಂತು ಕಟ್ಟುವವಳ ಹೆಸರು ಆಸ್ತಿ ಪತ್ರದಲ್ಲಿ ಇಲ್ಲ ಅಂದರೆ ಅದು ನ್ಯಾಯವಲ್ಲ. ಸಾಲಗಾರಳಾದ ಮಾತ್ರಕ್ಕೆ ಅವಳು ಒಡತಿ ಆಗುವುದಿಲ್ಲ. ಪಾಲು ಕೊಡುವುದಾದರೆ ಸಾಲದ ದಾಖಲೆ ಆಗುವ ಮೊದಲೇ ದಾನಪತ್ರ ಮಾಡಿ ನೋಂದಣಿ ಮಾಡಿಸಿ. ಅಡಮಾನ ಆದ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಆಸ್ತಿ ಪತ್ರ ಬದಲಿಸಲು ಆಗುವುದಿಲ್ಲ. ಬೇರೆ ಮಕ್ಕಳಿದ್ದರೆ ಅವರಿಗೂ ಈಗಲೇ ಗೊತ್ತಿರಲಿ.

ಮಗಳು ಬೇಡ ಅಂದರೆ ಒತ್ತಾಯ ಮಾಡಬೇಡಿ. ಆಗ ಉಳಿಯುವ ದಾರಿ ಮನೆಯನ್ನೇ ಚಿಕ್ಕದು ಮಾಡುವುದು. 26 ಲಕ್ಷ ಮತ್ತು ನಿಮ್ಮ ಉಳಿತಾಯಕ್ಕೆ ಹೊಂದುವ ಹಾಗೆ ಒಂದು ಮಹಡಿ ಈಗ ಕಟ್ಟಿ, ಮೇಲಿನದಕ್ಕೆ ಪಾಯ ಮತ್ತು ಕಾಲಮ್ ಗಟ್ಟಿಯಾಗಿ ಬಿಟ್ಟುಕೊಳ್ಳಿ. ಕಡಿಮೆ ಬಿದ್ದ 14 ಲಕ್ಷಕ್ಕೆ ಪರ್ಸನಲ್ ಲೋನ್ ಹುಡುಕಬೇಡಿ. ಅದರ ಬಡ್ಡಿ ಮನೆ ಸಾಲಕ್ಕಿಂತ ತುಂಬಾ ಜಾಸ್ತಿ, ಅವಧಿ ಇನ್ನೂ ಕಡಿಮೆ. ನಿಮ್ಮ ತೊಂದರೆಯೇ ಅವಧಿ ಕಡಿಮೆ ಅನ್ನುವುದು, ಅದಕ್ಕೆ ಇನ್ನೂ ಕಡಿಮೆ ಅವಧಿಯ ಸಾಲ ಮದ್ದಾಗುವುದಿಲ್ಲ. 70, 75 ವರ್ಷದ ತನಕ ಕೊಡುತ್ತೇವೆ ಅಂತ ಏಜೆಂಟರು ಫೋನ್ ಮಾಡುತ್ತಾರೆ. ನಿವೃತ್ತಿಯ ನಂತರ ನಿಮಗೆ ನಿಜವಾಗಿ ಬಾಡಿಗೆಯೋ ವ್ಯಾಪಾರವೋ ಇದ್ದು, ಅದನ್ನು ದಾಖಲೆಯಲ್ಲಿ ತೋರಿಸಲು ಆಗುವುದಾದರೆ ಅದನ್ನು ನೋಡಬಹುದು. ಇಲ್ಲದ ವ್ಯಾಪಾರವನ್ನು ಕಾಗದದಲ್ಲಿ ತೋರಿಸೋಣ ಅಂದರೆ ಅಲ್ಲಿಂದ ಎದ್ದು ಬನ್ನಿ. ಸಾಲ ಸಿಗಬಹುದು, 61ರಲ್ಲಿ ಕಂತು ಕಟ್ಟುವವರು ನೀವೇ.

ಯಾವ ದಾರಿ ಹಿಡಿದರೂ ಆರು ತಿಂಗಳ ಕಂತು, ಅಂದರೆ ನಿಮ್ಮ ಪಾಲಿನದೇ ಎರಡೂಕಾಲು ಲಕ್ಷದಷ್ಟು, ಬೇರೆ ಖಾತೆಯಲ್ಲಿ ಇರಲಿ. ಖಾಸಗಿ ಕೆಲಸದಲ್ಲಿ 60 ಅನ್ನುವುದು ಕಾಗದದ ಮೇಲಿನ ತಾರೀಕು. 57ಕ್ಕೇ ಮನೆಗೆ ಕಳಿಸಿದ್ದನ್ನೂ ನೋಡಿದ್ದೇನೆ. ಬೋನಸ್ಸೋ ಬಾಕಿ ಸಂಬಳವೋ ಬಂದಾಗ ಅಸಲಿಗೆ ಕಟ್ಟಿ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲಕ್ಕೆ ಅವಧಿಗೆ ಮೊದಲು ಕಟ್ಟಿದರೆ ದಂಡ ಇಲ್ಲ. ಕಟ್ಟುವಾಗ ಕಂತು ಇಳಿಸಬೇಡಿ, ಅವಧಿ ಇಳಿಸಿ ಅಂತ ಬರೆದು ಕೊಡಿ. ಕೊನೆಯ ಕಂತು ನಿವೃತ್ತಿಗಿಂತ ಒಂದು ವರ್ಷ ಮೊದಲು ಬರುವ ಹಾಗಾದರೆ ಆ ಒಂದು ವರ್ಷದ ಸಂಬಳ ಪೂರ್ತಿ ನಿಮ್ಮದು.

ಬ್ಯಾಂಕಿಗೆ ಮತ್ತೆ ಹೋಗುವ ಮೊದಲು ನಿಮ್ಮ ಎಚ್‌ಆರ್ ಹತ್ತಿರ ನಿವೃತ್ತಿ ವಯಸ್ಸು 60 ಎಂದು ಸ್ಪಷ್ಟವಾಗಿ ಬರೆದ ಪತ್ರ ತೆಗೆದುಕೊಳ್ಳಿ. ಖಾಸಗಿ ಕಂಪನಿಗಳಲ್ಲಿ ಕೆಲವು ಕಡೆ 58, ಕೆಲವು ಕಡೆ 60. ಈಗ 96 ತಿಂಗಳು ಅಂದಿರುವವರು ಅಂತಿಮ ಮಂಜೂರಾತಿಯಲ್ಲಿ ದಾಖಲೆ ಇಲ್ಲ ಅಂತ 58 ಹಿಡಿದರೆ ನಿಮಗೆ ಉಳಿಯುವುದು 72 ತಿಂಗಳು, ಸಾಲ 21 ಲಕ್ಷ. ಆಧಾರ್, ಪ್ಯಾನ್, ಪಿಎಫ್ ದಾಖಲೆ ಮೂರರಲ್ಲೂ ಹುಟ್ಟಿದ ತಾರೀಕು ಒಂದೇ ಇದೆಯಾ ಅಂತಲೂ ಇವತ್ತೇ ನೋಡಿ. ಒಂದರಲ್ಲಿ ವ್ಯತ್ಯಾಸ ಇದ್ದರೂ ತಿದ್ದಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆ ತಿಂಗಳುಗಳೂ ನಿಮ್ಮ 96ರಿಂದಲೇ ಹೋಗುತ್ತವೆ.